ಸುತ್ತೋಲೆ: ರಂಜಾನ್ ಹಬ್ಬದ ರಜೆ ಸೋಮವಾರದ ಬದಲು ಮಂಗಳವಾರ

ದಿನಾಂಕ: 1 ಮೇ 2022, ಭಾನುವಾರ, ರಾತ್ರಿ 9.10
ಇವರಿಗೆ: ಎಲ್ಲ ವಿಭಾಗಗಳ ಸಿಬ್ಬಂದಿ, ಗುತ್ತಿಗೆ ನೌಕರರು, ಭದ್ರತಾ ಸಿಬ್ಬಂದಿ

ನಾಳೆ, ಮೇ 2, ಸೋಮವಾರ ಕಚೇರಿ ಎಂದಿನಂತೆ ತೆರೆದಿರುತ್ತದೆ. ರಂಜಾನ್ ಹಬ್ಬದ ರಜೆ ಮೇ 3, ಮಂಗಳವಾರ. ಫೋನಿನಲ್ಲಿ ಇದನ್ನು ಓದುತ್ತಿರುವವರಿಗೆ ಇಷ್ಟು ಗೊತ್ತಾದರೆ ಈ ರಾತ್ರಿಗೆ ಸಾಕು. ಆದರೆ ನಾಳೆ ಬರಲು ಆಗದವರು ಮುಂದಿನದನ್ನೂ ದಯವಿಟ್ಟು ಓದಿ.

ಇಂದು ಸಂಜೆ ಇಲ್ಲಿ ಚಂದ್ರದರ್ಶನ ಆಗಲಿಲ್ಲ. ಹಾಗಾಗಿ ರಂಜಾನ್ ತಿಂಗಳು 29ಕ್ಕೆ ಮುಗಿಯದೆ 30 ದಿನ ಪೂರ್ತಿಯಾಗುತ್ತದೆ. ನಾಳೆ ಮೂವತ್ತನೇ ಉಪವಾಸ, ನಾಡಿದ್ದು ಈದ್. ನಮ್ಮ ರಜಾ ಪಟ್ಟಿ ತಯಾರಾದದ್ದು ಡಿಸೆಂಬರಿನಲ್ಲಿ. ಅದರಲ್ಲಿ ಮೇ 2 ಎಂದು ನಮೂದಿಸಿ, ಪಕ್ಕದಲ್ಲಿ ‘ಚಂದ್ರದರ್ಶನಕ್ಕೆ ಒಳಪಟ್ಟು’ ಎಂದು ಸೇರಿಸುವುದು ಬಿಟ್ಟುಹೋಗಿತ್ತು. ಪಟ್ಟಿಗೆ ಸಹಿ ಹಾಕಿದವನು ನಾನೇ. ಅದೊಂದು ಸಾಲು ಇದ್ದಿದ್ದರೆ ನಿಮ್ಮಲ್ಲಿ ಕೆಲವರಾದರೂ ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ಯೋಚಿಸುತ್ತಿದ್ದಿರಿ. ಅದಕ್ಕೆ ಕ್ಷಮೆ ಇರಲಿ.

ಶನಿವಾರ, ಭಾನುವಾರ, ಸೋಮವಾರ ಎಂದು ಮೂರು ದಿನ ಹೊಂದಿಸಿಕೊಂಡು ಊರಿಗೆ ಹೋದವರು ಹಲವರಿದ್ದೀರಿ ಎಂದು ಗೊತ್ತು. ರಾತ್ರೋರಾತ್ರಿ ಬಸ್ ಹಿಡಿದು ಬನ್ನಿ ಎಂದು ಯಾರಿಗೂ ಹೇಳುತ್ತಿಲ್ಲ. ಬರಲಾಗದವರು ನಾಳೆ ಬೆಳಿಗ್ಗೆ 10ರೊಳಗೆ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಒಂದು ಮೆಸೇಜ್ ಹಾಕಿ. ಕಾರಣ ಬರೆಯುವುದು ಬೇಡ. ನಿಮ್ಮ ಸೋಮವಾರವನ್ನು ರಜೆ ಎಂದೇ ಪರಿಗಣಿಸುತ್ತೇವೆ. ಅದಕ್ಕೆ ಬದಲಾಗಿ ಮಂಗಳವಾರ ಮನೆಯಿಂದ ಕೆಲಸ ಮಾಡಬಹುದು. ಉಗ್ರಾಣ, ರವಾನೆ ವಿಭಾಗದವರಂತೆ ಮನೆಯಿಂದ ಮಾಡಲಾಗದ ಕೆಲಸದವರು ಮೇ 7, 14 ಅಥವಾ 21ರ ಶನಿವಾರಗಳಲ್ಲಿ ಒಂದು ದಿನ ಬಂದರಾಯಿತು.

ಹಬ್ಬ ಆಚರಿಸುವವರಲ್ಲೇ ಊರಿಗೆ ಹೋದವರಿದ್ದಾರೆ. ಅವರು ಸೋಮವಾರ, ಮಂಗಳವಾರ ಎರಡೂ ದಿನ ಬರಬೇಕಾಗಿಲ್ಲ. ಸೋಮವಾರದ ಬದಲಿಗೆ ಮೇಲೆ ಹೇಳಿದ ಶನಿವಾರಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ. ಚಂದ್ರ ಕಾಣಲಿಲ್ಲ ಎಂಬ ಕಾರಣಕ್ಕೆ ಯಾರ ಸಾಂದರ್ಭಿಕ ರಜೆಯೂ ಕಡಿತವಾಗುವುದಿಲ್ಲ, ಯಾರ ಸಂಬಳವೂ ಕಡಿಮೆಯಾಗುವುದಿಲ್ಲ.

ಮಂಗಳವಾರಕ್ಕೆ ಮೊದಲೇ ರಜೆ ಹಾಕಿ ನಾಲ್ಕು ದಿನ ಮಾಡಿಕೊಂಡಿದ್ದ ಏಳು ಮಂದಿಯ ಅರ್ಜಿ ನನ್ನ ಮುಂದಿದೆ. ಆ ರಜೆ ಈಗ ತಾನಾಗಿಯೇ ಸೋಮವಾರಕ್ಕೆ ಬದಲಾಗುತ್ತದೆ, ಹೊಸ ಅರ್ಜಿ ಬೇಡ. ಹಾಜರಾತಿ ತಂತ್ರಾಂಶದಲ್ಲಿ ಬುಧವಾರದವರೆಗೂ ಹಳೆಯದೇ ಕಾಣಿಸಬಹುದು, ಗಾಬರಿಯಾಗಬೇಡಿ. ಬುಧವಾರ, ಮೇ 4 ಪೂರ್ಣ ಕೆಲಸದ ದಿನ. ಈ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಬೇರೆ ಏನೋ ಓಡಾಡುತ್ತಿದೆಯಂತೆ, ಅದು ಸುಳ್ಳು.

ನಾಳೆ ಬರುವವರ ಗಮನಕ್ಕೆ. ಸೋಮವಾರ ರಜೆ ಎಂದು ಕ್ಯಾಂಟೀನಿನವರಿಗೆ ಶುಕ್ರವಾರವೇ ಹೇಳಿದ್ದೆವು, ಅವರು ತರಕಾರಿ ತಂದಿಲ್ಲ. ಬೆಳಿಗ್ಗೆ 11ರ ನಂತರ ಚಹಾ ಮಾತ್ರ ಸಿಗುತ್ತದೆ, ಊಟದ ಡಬ್ಬಿ ತನ್ನಿ. ಕಚೇರಿಯ ಮೂರು ವಾಹನಗಳಲ್ಲಿ ಎರಡು ಓಡುತ್ತವೆ. ಮೂರನೆಯದರ ಚಾಲಕರು ಊರಿನಲ್ಲಿದ್ದಾರೆ. ಆ ಮಾರ್ಗದವರು ಆಟೋ ಅಥವಾ ಬಸ್ಸಿನಲ್ಲಿ ಬನ್ನಿ, ಖರ್ಚನ್ನು ಬುಧವಾರ ಲೆಕ್ಕ ವಿಭಾಗದಲ್ಲಿ ಪಡೆಯಿರಿ.

ಉಪವಾಸದಲ್ಲಿರುವವರು ನಾಳೆ ಕೊನೆಯ ರೋಜಾ ಕಚೇರಿಯಲ್ಲಿ ಕಳೆಯಬೇಕಾಗಿ ಬಂದಿದೆ. ಅವರು ಸಂಜೆ 4.30ಕ್ಕೆ ಹೊರಡಬಹುದು, ಯಾರ ಅನುಮತಿಯೂ ಬೇಕಿಲ್ಲ. ಹಬ್ಬದ ಹಿಂದಿನ ದಿನ ಮನೆಯಲ್ಲಿ ಎಷ್ಟು ಕೆಲಸ ಇರುತ್ತದೆ ಎಂಬುದು ಯಾವ ಹಬ್ಬ ಮಾಡುವವರಿಗೂ ಹೇಳಿಕೊಡಬೇಕಿಲ್ಲ. ನಾಳೆ ಮಧ್ಯಾಹ್ನ 3ರ ನಂತರ ಯಾವ ಸಭೆಯನ್ನೂ ಇಡಬೇಡಿ.

ಭದ್ರತಾ ಪಾಳಿಯಲ್ಲಿ ಒಂದು ತೊಡಕಿತ್ತು. ಸೋಮವಾರ ಹಬ್ಬ ಎಂದುಕೊಂಡು, ಹಬ್ಬ ಮಾಡುವ ಇಬ್ಬರಿಗೆ ಸೋಮವಾರ ಬಿಡುವು ಕೊಟ್ಟು ಮಂಗಳವಾರದ ಪಾಳಿ ಹಾಕಿದ್ದೆವು. ಅಂದರೆ ಸರಿಯಾಗಿ ಹಬ್ಬದ ದಿನವೇ ಅವರು ಗೇಟಿನಲ್ಲಿರಬೇಕಾಗುತ್ತಿತ್ತು. ಆ ಪಾಳಿಯನ್ನು ಸೋಮವಾರದವರ ಜೊತೆ ಅದಲುಬದಲು ಮಾಡಿದ್ದೇವೆ. ಒಪ್ಪಿಕೊಂಡ ಇಬ್ಬರಿಗೂ ಧನ್ಯವಾದ. ಹಬ್ಬದ ದಿನದ ಹೆಚ್ಚುವರಿ ಭತ್ಯೆ ಮಂಗಳವಾರ ಕೆಲಸ ಮಾಡುವವರಿಗೆ ಸಿಗುತ್ತದೆ.

ಏಪ್ರಿಲ್ ಲೆಕ್ಕ ಮುಗಿಸುವ ಗಡುವು ಮಂಗಳವಾರ ಸಂಜೆಯಿಂದ ಬುಧವಾರ ಮಧ್ಯಾಹ್ನ 1ಕ್ಕೆ ಹೋಗಿದೆ. ಕಟ್ಟಡ ಖಾಲಿ ಇರುತ್ತದೆಂದು ಸೋಮವಾರ ಇಟ್ಟುಕೊಂಡಿದ್ದ ಸರ್ವರ್ ದುರಸ್ತಿ ಮಂಗಳವಾರ ಬೆಳಿಗ್ಗೆ 6ರಿಂದ 1ರವರೆಗೆ ನಡೆಯುತ್ತದೆ. ಆ ಹೊತ್ತಿನಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಫೈಲುಗಳು ಸಿಗುವುದಿಲ್ಲ, ಬೇಕಾದದ್ದನ್ನು ಮೊದಲೇ ಇಳಿಸಿಕೊಳ್ಳಿ. ಮಂಗಳವಾರದ ಮೂರು ಸಂದರ್ಶನಗಳು ಗುರುವಾರಕ್ಕೆ ಹೋಗಿವೆ.

ರಫ್ತು ವಿಭಾಗದವರಿಗೆ ಒಂದು ಮಾತು. ಸೌದಿ ಅರೇಬಿಯಾದಲ್ಲಿ ಉಪವಾಸ ಏಪ್ರಿಲ್ 2ಕ್ಕೇ ಶುರುವಾಗಿತ್ತು, ಇಲ್ಲಿ 3ಕ್ಕೆ. ಹೀಗಾಗಿ ಎರಡೂ ಕಡೆ 30 ದಿನ ತುಂಬಿದರೂ ಅಲ್ಲಿ ನಾಳೆಯೇ ಈದ್. ಅಲ್ಲಿನ ಗ್ರಾಹಕರಿಂದ ನಾಳೆ ಉತ್ತರ ನಿರೀಕ್ಷಿಸಬೇಡಿ. ಶುಭಾಶಯ ಕಳಿಸುವುದಿದ್ದರೆ ನಾಳೆಯೇ ಕಳಿಸಿ.

ಇನ್ನೊಂದು ವಿಷಯ. ಸಂಜೆಯಿಂದ ನಮ್ಮ ಒಬ್ಬ ಸಹೋದ್ಯೋಗಿಗೆ ಹನ್ನೊಂದು ಫೋನ್ ಬಂದಿವೆಯಂತೆ. ಎಲ್ಲರದೂ ಒಂದೇ ಪ್ರಶ್ನೆ: ‘ನಾಳೆ ರಜೆಯೋ ಅಲ್ಲವೋ?’ ಇಬ್ಬರಂತೂ ‘ಇದನ್ನು ಮೊದಲೇ ಲೆಕ್ಕ ಹಾಕಲು ಆಗುವುದಿಲ್ಲವೇ?’ ಎಂದು ಕೇಳಿದ್ದಾರೆ. ಆ ಸಹೋದ್ಯೋಗಿ ರೋಜಾ ಬಿಡುವ ಹೊತ್ತಿನಲ್ಲೂ ಫೋನ್ ಹಿಡಿದು ಕೂತಿದ್ದರು. ರಜೆ ತೀರ್ಮಾನಿಸುವುದು ಅವರ ಕೆಲಸವಲ್ಲ, ಕಚೇರಿಯದು. ಇನ್ನು ಮುಂದೆ ನನಗೆ ಫೋನ್ ಮಾಡಿ.

ಆ ಪ್ರಶ್ನೆಗೆ ಉತ್ತರವನ್ನೂ ನಾನೇ ಕೊಡುತ್ತೇನೆ. ಅಮಾವಾಸ್ಯೆಯ ಗಳಿಗೆಯನ್ನು ವರ್ಷಗಳ ಮೊದಲೇ ನಿಖರವಾಗಿ ಲೆಕ್ಕ ಹಾಕಬಹುದು. ಆದರೆ ಹೊಸ ತಿಂಗಳು ಶುರುವಾಗುವುದು ಅಮಾವಾಸ್ಯೆಗಲ್ಲ, ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಎಳೆಚಂದ್ರ ಕಂಡಾಗ. ಈ ಸಲ ಅಮಾವಾಸ್ಯೆಯ ಗಳಿಗೆ ಇಂದು ನಸುಕಿನಲ್ಲಿ ಕಳೆದಿತ್ತು. ಸಂಜೆಯ ಹೊತ್ತಿಗೆ ಚಂದ್ರನಿಗೆ ಇನ್ನೂ 17 ಗಂಟೆಯೂ ತುಂಬಿರಲಿಲ್ಲ. ಅಷ್ಟು ಎಳೆಯ ಚಂದ್ರ ಸೂರ್ಯನ ಹಿಂದೆಯೇ ಮುಳುಗುತ್ತಾನೆ, ಬರಿಗಣ್ಣಿಗೆ ಸಿಗುವುದು ಬಹಳ ಕಷ್ಟ. ಬಕ್ರೀದ್‌ಗೆ ಇಂಥ ಪರದಾಟ ಇರುವುದಿಲ್ಲ. ಅದು ತಿಂಗಳ ಹತ್ತನೇ ದಿನ ಬರುವುದರಿಂದ ಒಂದೂವರೆ ವಾರ ಮೊದಲೇ ದಿನ ಗೊತ್ತಾಗಿರುತ್ತದೆ.

ಮುಂದಿನ ವರ್ಷದ ಪಟ್ಟಿಯಲ್ಲಿ ಈದ್ ಎದುರು ಎರಡು ದಿನಾಂಕ ನಮೂದಿಸುತ್ತೇವೆ. ಆ ಎರಡೂ ದಿನ ಯಾವ ಗಡುವನ್ನೂ ಇಡುವುದಿಲ್ಲ. ಚಂದ್ರನ ಸುದ್ದಿ ಖಚಿತವಾದ ಒಂದು ಗಂಟೆಯೊಳಗೆ ಎಲ್ಲರ ಫೋನಿಗೆ ಸಂದೇಶ ಬರುತ್ತದೆ. ಚಾಂದ್ರ ವರ್ಷ ಸುಮಾರು 354 ದಿನದ್ದಾದ್ದರಿಂದ 2023ರಲ್ಲಿ ಹಬ್ಬ ಏಪ್ರಿಲ್ ಮೂರನೇ ವಾರದ ಆಸುಪಾಸಿಗೆ ಸರಿಯುತ್ತದೆ. ಟಿಕೆಟ್ ಮಾಡಿಸುವವರು ಈಗಲೇ ಗುರುತು ಹಾಕಿಕೊಳ್ಳಿ.

ಹಬ್ಬ ಮಾಡುವವರಿಗೆಲ್ಲ ಮುಂಚಿತವಾಗಿ ಈದ್ ಮುಬಾರಕ್. ಉಳಿದವರು ನಾಳೆ ಬೆಳಿಗ್ಗೆ 9.30ಕ್ಕೆ ಸಿಗೋಣ.

ಸಹಿ/-
ವ್ಯವಸ್ಥಾಪಕರು, ಆಡಳಿತ ವಿಭಾಗ

ಪ್ರತಿ: ಮಾನವ ಸಂಪನ್ಮೂಲ, ಲೆಕ್ಕ ವಿಭಾಗ, ಭದ್ರತಾ ಮೇಲ್ವಿಚಾರಕರು, ಕ್ಯಾಂಟೀನ್ ಗುತ್ತಿಗೆದಾರರು, ಸೂಚನಾ ಫಲಕ (ಹಳೆಯ ರಜಾ ಪಟ್ಟಿಯನ್ನು ತೆಗೆದು ಇದನ್ನು ಅಂಟಿಸುವುದು)