ಮುಡಿ ಇಳಿಸಿ ಬಾ, ಚೆಲುವರಾಯ

1

ಬೆಟ್ಟದ ಮೇಲಿಂದ ಇಳಿದ ಗಾಳಿ
ನಿನ್ನ ತುಳಸಿಯ ವಾಸನೆ ತಂದು
ಬಾಗಿಲಲ್ಲಿ ಚೆಲ್ಲಿ ಹೋಯಿತು.
ಅಷ್ಟೇ ಸಾಕಾಯಿತು ನೋಡು,
ಮಗ್ಗದ ಮೇಲೆ ಕೈ ನಿಂತಿತು,
ಲಾಳಿ ನಡುದಾರಿಯಲ್ಲೇ ಉಳಿಯಿತು.
“ಏನಾಯ್ತೇ?” ಎಂದಳು ಅವ್ವ.
ಏನಂತ ಹೇಳಲಿ?
ಜ್ವರವೆಂದರೆ ಕಷಾಯ ಕಾಸುತ್ತಾಳೆ,
ದೃಷ್ಟಿ ಎಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾಳೆ.
ನಿನ್ನ ಹೆಸರು ಹೇಳಿದರೆ
ಸೆರಗಿನಲ್ಲಿ ಕಣ್ಣೊರೆಸಿಕೊಂಡು ಸುಮ್ಮನಾಗುತ್ತಾಳೆ.
ಅವಳಿಗೂ ನೀನು ಹೀಗೇ ಮಾಡಿದ್ದೆಯೇನೋ,
ಯದುಗಿರಿಯ ಚೆಲುವರಾಯ.

2

ಮಂಡ್ಯದ ಖಜಾನೆಯಿಂದ ಹೊರಟಿದೆಯಂತೆ ನಿನ್ನ ವೈರಮುಡಿ.
ಹಳ್ಳಿ ಹಳ್ಳಿಯಲ್ಲಿ ತೋರಣ, ಆರತಿ,
ಹಿಂದೆ ಮುಂದೆ ಪೊಲೀಸರ ಕಾವಲು.
ವಜ್ರಕ್ಕೆ ಇಷ್ಟು ಕಾವಲಿಟ್ಟವರು
ನಿನ್ನ ನಗುವಿಗೆ ಯಾರನ್ನೂ ಇಡಲಿಲ್ಲ.
ಹೋದ ವರ್ಷ ಅದು ಬೀದಿಯಲ್ಲಿ ಸಿಕ್ಕವರನ್ನೆಲ್ಲ ದೋಚಿತು.
ನನ್ನ ಹತ್ತಿರ ಇದ್ದದ್ದು ಒಂದು ನಿದ್ದೆ,
ಅದನ್ನೂ ಒಯ್ದಿತು,
ಯದುಗಿರಿಯ ಚೆಲುವರಾಯ.

3

ಕರೆದರೆ ಬರುವವನಂತೆ, ಬಾರೋ
ಕರೆಕರೆದು ಸೋತೆನು ನಾನು, ಬಾರೋ ॥ಪ॥

ದಿಲ್ಲಿಯಲಿ ಯತಿರಾಜ ಕೈಚಾಚಿ ಕರೆದಾಗ
ಘಲ್ಲುಘಲ್ಲೆನ್ನುತ್ತ ಓಡಿ ಬಂದೆಯಂತೆ
ಮೆಲ್ಲನೆ ಮಡಿಲೇರಿ ಕೂತ ಮುದ್ದಿನ ಕಂದ
ಇಲ್ಲಿರುವ ಎದೆಯೊಂದು ಕಾಣದೇನೋ ॥1॥

ಊರ ಗುರುವಿಗೆ ನೀನು ಮಗನಾದೆ, ಸರಿಯಯ್ಯ
ಯಾರು ನಾ ನಿನಗೆಂದು ಹೇಳಿ ಹೋಗೋ
ಜಾರುವಿರುಳಲಿ ಕೂತು ಕಲ್ಯಾಣಿ ಮೆಟ್ಟಿಲಲಿ
ನೀರು ಅಲುಗಿದರೂನು ನೀನೆಂಬೆನೋ ॥2॥

ಮುಡಿಯಿಂದ ಜಾರಿದ ನೀಲದ ಹರಳೊಂದು
ತುಡಿದು ಹೊಳೆಯಾಗಿಯೇ ಹರಿಯಿತಂತೆ
ಅಡಿಗಡಿಗೆ ನಿನಗಾಗಿ ಜಾರುವ ಈ ಹನಿಯು
ಕಡೆಗೊಂದು ಕಾಲುವೆಯೂ ಆಗದೇನೋ ॥3॥

4

ಬೀಬಿ ಅಕ್ಕ,
ಅವನ ಪಾದದ ಹತ್ತಿರ ನಿನ್ನನ್ನು ಕಂಡಾಗ
ಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.
ದಿಲ್ಲಿಯ ಅರಮನೆ ಬಿಟ್ಟೆ. ಅಪ್ಪನನ್ನು ಬಿಟ್ಟೆ.
ಆಡಿಸುತ್ತಿದ್ದ ಗೊಂಬೆಯೇ ಗಂಡನೆಂದು
ಬಿಸಿಲು ಧೂಳು ನೋಡದೆ ಹಿಂದೆ ಬಂದೆ.
ಅವನೇನು ಕೊಟ್ಟ?
ಕಾಲ ಬಳಿ ಗೇಣು ಜಾಗ.
ಸಾಕಾಯಿತಾ ಅಕ್ಕ?

ನಿನ್ನ ಮಾತು ಬೇರೆ. ನಿನ್ನ ಮನೆಯವರು ದೇವರನ್ನು ಕರೆಯುವ ಹೆಸರು ಬೇರೆ.
ಅವನು ಅದನ್ನೆಲ್ಲ ಕೇಳಲೇ ಇಲ್ಲ, ಅಲ್ವಾ?
ಎದೆ ಬಡಿಯುವ ಸದ್ದಿನಲ್ಲೇ ಗುರುತು ಹಿಡಿದ.
ಹಾಗಾದರೆ ನನ್ನದೂ ಅವನಿಗೆ ಕೇಳಿಸುತ್ತಿರಬೇಕು.
ಕೇಳಿಯೂ ಕೇಳದವನ ಹಾಗೆ ನಿಂತಿದ್ದಾನೆ.

ಸ್ವಲ್ಪ ಸರಿದು ಕೂರಕ್ಕ.
ನಿನ್ನ ಗೇಣಿನಲ್ಲಿ ನನಗೆ ಬೆರಳಗಲ ಸಾಕು.

5

ಮುಡಿ ತೊಡಿಸುವ ಅರ್ಚಕರ ಕಣ್ಣಿಗೆ ಬಟ್ಟೆ ಕಟ್ಟಿದೆ.
ನಿನ್ನನ್ನು ಮುಟ್ಟುವವರಿಗೆ ನೋಡುವಂತಿಲ್ಲ.
ನೋಡುವ ನನಗೆ ಮುಟ್ಟುವಂತಿಲ್ಲ.
ಇದೆಂಥ ನ್ಯಾಯ ನಿನ್ನದು?

ಗರುಡನ ಮೇಲೇರಿ ಬಂದೆ.
ವಾಲಗ, ದೀಪ, ಗೋವಿಂದಾ ಗೋವಿಂದಾ.
ಅಕ್ಕಪಕ್ಕ ಶ್ರೀದೇವಿ, ಭೂದೇವಿ.
ಅವರ ಮೇಲೆ ನನಗೆ ಕೋಪವಿಲ್ಲ,
ಅಷ್ಟು ಹತ್ತಿರವಿದ್ದೂ ಅವರಿಗೂ ನೀನು ಸಾಕಾಗಿಲ್ಲ,
ಮುಖ ನೋಡಿದರೆ ಗೊತ್ತಾಗುತ್ತದೆ.

ಎಲ್ಲರೂ ಮುಡಿ ನೋಡಿದರು.
ಹೊಳಪಿಗೆ ಕೈ ಮುಗಿದರು.
ನಾನು ಮುಡಿಯ ಕೆಳಗೆ ನೋಡಿದೆ.
ಅಷ್ಟು ಭಾರ ಹೊತ್ತ ಹಣೆ ನೋಯುವುದಿಲ್ಲವೇನೋ?
ಒತ್ತಿಕೊಡಲು ಕೈ ಚಾಚಿದೆ.
ಜನರ ನೂಕಿನಲ್ಲಿ ಬಳೆ ಒಡೆಯಿತು.

ಆಗ ನೀನು ತಿರುಗಿದೆ.
ಹೊತ್ತವರು ಹೆಗಲು ಬದಲಿಸಿದ್ದಕ್ಕೆ
ವಿಗ್ರಹ ವಾಲಿತು ಎಂದರು ಪಕ್ಕದವರು.
ಅನ್ನಲಿ.
ನೀನು ತಿರುಗಿದೆ. ನನ್ನ ಕಡೆ ತಿರುಗಿದೆ.
ಮಣಿಕಟ್ಟಿನ ರಕ್ತ ನಾನು ನೋಡುವ ಮೊದಲೇ
ನೀನು ನೋಡಿದೆ,
ಯದುಗಿರಿಯ ಚೆಲುವರಾಯ.

6

ಬೆಳಕು ಬೀಳುವ ಮೊದಲೇ ಮುಡಿ ಪೆಟ್ಟಿಗೆ ಸೇರಿತು.
ಹೋಗಲಿ, ಜೋಪಾನವಾಗಿ ಹೋಗಲಿ.
ಪರಿಷೆಯೂ ಬೆಟ್ಟ ಇಳಿಯಿತು.
ಈಗ ಬಾ.

ಗರುಡ ಬೇಡ, ನಡೆದು ಬಾ.
ದೊಡ್ಡ ಬೀದಿ ಬೇಡ, ಹಿತ್ತಿಲ ಕಡೆಯಿಂದ ಬಾ.
ಕೂದಲು ಕೆದರಿದ್ದರೂ ಪರವಾಗಿಲ್ಲ,
ನನ್ನ ಬೆರಳಿವೆ.
ಕಾಲು ನೋಯುತ್ತಿದ್ದರೆ ನೀವುತ್ತೇನೆ,
ಹಸಿದಿದ್ದರೆ ಪುಳಿಯೋಗರೆ ಕಲಸಿಟ್ಟಿದ್ದೇನೆ,
ಮಾತು ಬೇಡವೆಂದರೆ ಬಾಯಿ ತೆರೆಯುವುದಿಲ್ಲ.
ಊರು ನಿನ್ನನ್ನು ರಾಯ ಎನ್ನುತ್ತದೆ,
ನನ್ನ ಮನೆಯಲ್ಲಿ ನೀನು ಸುಮ್ನೆ ಚೆಲುವ.

ಕನಸಿಗೆ ಬಂದು ಹೋಗುತ್ತೇನೆ ಎನ್ನಬೇಡ.
ನಿದ್ದೆ ನಿನ್ನ ಹತ್ತಿರವೇ ಇದೆ,
ಎಲ್ಲಿಗೆ ಬರುತ್ತೀಯ?
ಎಚ್ಚರದಲ್ಲೇ ಬರಬೇಕು,
ಬೇರೆ ದಾರಿಯನ್ನು ನೀನೇ ಉಳಿಸಿಲ್ಲ,
ಯದುಗಿರಿಯ ಚೆಲುವ.