ಕಂಬಳ: ಗುತ್ತಿನ ಗದ್ದೆಯಿಂದ ಜೋಡುಕರೆಗೆ

ಸ್ಲೈಡ್ 1
ಕಂಬಳ ಹೇಗೆ ಬದಲಾಯಿತು?
ತುಳುನಾಡಿನ ಊರೊಂದರ ನಾಟಿಯ ದಿನ, ಹಗಲು ರಾತ್ರಿ ನಡೆಯುವ ಕೋಣಗಳ ಓಟದ ಪಂದ್ಯವಾಯಿತು. ಇಸವಿ ಹಿಡಿದು ನೋಡೋಣ.
ಎಡಕ್ಕೆ ಸರಿಸಿ ←

ಸ್ಲೈಡ್ 2
15ನೇ ಶತಮಾನ
ಬಾರ್ಕೂರು ಭಾಗದ ಶಾಸನಗಳಲ್ಲಿ ಕಂಬಳ ಗದ್ದೆಯ ಹೆಸರು ಸಿಗುತ್ತದೆ. ಗದ್ದೆಗೆ ಹೆಸರಿತ್ತು ಎಂದರೆ ಓಟ ಈಗಿನಂತೆಯೇ ಇತ್ತು ಎಂದಾಗುವುದಿಲ್ಲ. ‘ಸಾವಿರ ವರ್ಷದ ಕ್ರೀಡೆ’ ಎಂದು ಬ್ಯಾನರ್ ಬರೆಸುವವರು ಇದನ್ನು ಗಮನಿಸಬೇಕು.

ಸ್ಲೈಡ್ 3
1960ರ ದಶಕದ ತನಕ: ಗುತ್ತಿನ ಮನೆಯ ಕಂಬಳ
ಮಳೆಗಾಲದ ಏಣಿಲು ಪೈರಿನ ಕೊಯ್ಲು ಮುಗಿದು, ಸುಗ್ಗಿ ಬೆಳೆಗೆ ಗದ್ದೆ ಹದ ಮಾಡುವ ಹೊತ್ತು. ಊರಿನ ಅತಿ ದೊಡ್ಡ ಗದ್ದೆ ಸಾಮಾನ್ಯವಾಗಿ ಊರ ಧಣಿಗಳದು, ಎಂದರೆ ಗುತ್ತಿನ ಅಥವಾ ಬೀಡಿನ ಮನೆಯದು. ಅದೇ ಕಂಬಳ ಗದ್ದೆ. ಒಕ್ಕಲುಗಳು ತಮ್ಮ ತಮ್ಮ ಕೋಣಗಳನ್ನು ಅಲ್ಲಿ ಇಳಿಸಲೇಬೇಕು. ಅದು ಹಬ್ಬವೂ ಹೌದು, ಬಿಟ್ಟಿ ಉಳುಮೆಯೂ ಹೌದು.
ಕೋಣಗಳು ಒಂದೊಂದೇ ಜೋಡಿಯಾಗಿ ಓಡುತ್ತಿದ್ದವು. ಗಡಿಯಾರ ಇರಲಿಲ್ಲ. ಚೆನ್ನಾಗಿ ಓಡಿದವರಿಗೆ ಬಾಳೆಗೊನೆ, ತೆಂಗಿನಕಾಯಿ. ಓಟ ಮುಗಿದ ಮೇಲೆ ಅದೇ ಕೆಸರಿನಲ್ಲಿ ಹೆಂಗಸರು ಭತ್ತದ ನೇಜಿ ನೆಡುತ್ತಿದ್ದರು.

ಸ್ಲೈಡ್ 4
ಅದೇ ಕಾಲ: ಪೂಕರೆ
ಹಲವು ಊರುಗಳಲ್ಲಿ ಓಟಕ್ಕಿಂತ ಇದೇ ಮುಖ್ಯ. ಕಂಬಕ್ಕೆ ಸುತ್ತು ಸುತ್ತಾಗಿ ಹೂ ಕಟ್ಟಿ ಗದ್ದೆಯ ನಡುವೆ ನಿಲ್ಲಿಸುತ್ತಾರೆ. ಪೂಕರೆ ನೆಟ್ಟ ಗದ್ದೆಯ ಕಂಬಳ ದೈವಕ್ಕೆ, ನಾಗನಿಗೆ ಸಲ್ಲುವ ಹರಕೆ. ಅಲ್ಲಿ ಸೋಲು ಗೆಲುವು ಲೆಕ್ಕಕ್ಕಿಲ್ಲ. ಇವತ್ತಿಗೂ ಪೂಕರೆ ಕಂಬಳ ಮಾಡುವ ಮನೆತನಗಳಿವೆ. ಜನ ಕಡಿಮೆ, ಮೈಕಾಸುರನ ಕಾಟವೂ ಕಡಿಮೆ.

ಸ್ಲೈಡ್ 5
ಅದೇ ಕಾಲ: ಪನಿಕುಲ್ಲುನೆ
ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬದಿಯಲ್ಲಿ ಮಂಜಿನಲ್ಲೇ ಕೂತು, ಡೋಲು ಬಾರಿಸಿ ಹಾಡಿ ಬೆಳಗು ಮಾಡಬೇಕಿತ್ತು. ಬೆಳಿಗ್ಗೆ ಕೋಣಗಳಿಗಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುತ್ತಿದ್ದರು: ಕೆಸರಿನಲ್ಲಿ ಮುಳ್ಳು, ಚೂರು ಇದ್ದರೆ ಕೋಣದ ಕಾಲಿಗೆ ತಾಗಬಾರದು ಎಂದು. ಹಳೆಯ ಕಂಬಳವನ್ನು ಹೊಗಳುವಾಗ ಈ ಭಾಗವನ್ನು ಬಿಟ್ಟು ಹೇಳುವುದು ಸರಿಯಲ್ಲ.

ಸ್ಲೈಡ್ 6
1970ರ ಸುಮಾರು: ಜೋಡುಕರೆ
ಕಾರ್ಕಳ ತಾಲೂಕಿನ ಬಜಗೋಳಿಯ ‘ಲವ–ಕುಶ’ ಕಂಬಳದ ಹೊತ್ತಿಗೆ ಪಕ್ಕಪಕ್ಕದಲ್ಲಿ ಕೋಣ ಓಡುವ ಎರಡು ಕರೆ, ಎರಡು ಜೋಡಿಗಳ ನೇರ ಪೈಪೋಟಿ ಬಂದಿತು. ಆಮೇಲೆ ಕೋಟಿ–ಚೆನ್ನಯ, ಜಯ–ವಿಜಯ ಎಂದು ಊರೂರಿಗೆ ಕರೆಗಳ ಹೆಸರು.
ಇಲ್ಲಿಂದಲೇ ಗದ್ದೆ ‘ಟ್ರ್ಯಾಕ್’ ಆಯಿತು. ಉದ್ದ ಸಾಮಾನ್ಯವಾಗಿ 120ರಿಂದ 160 ಮೀಟರ್. ಒಂದು ತುದಿ ಗಂತು, ಅಲ್ಲಿ ಕೋಣ ಬಿಡುವುದು. ಇನ್ನೊಂದು ತುದಿ ಮಂಜೊಟ್ಟಿ, ಅಲ್ಲಿ ಏರು ಇರಬೇಕು; ಇಲ್ಲದಿದ್ದರೆ ಓಡಿ ಬಂದ ಕೋಣ ನಿಲ್ಲುವುದಿಲ್ಲ, ಜನರ ನಡುವೆ ನುಗ್ಗುತ್ತದೆ. ಬರೀ ಕೆಸರಾದರೆ ಗೊರಸು ಹೂತು ಕಾಲು ಉಳುಕುತ್ತದೆ, ಅದಕ್ಕೇ ತಳಕ್ಕೆ ಮರಳು ಹಾಸುತ್ತಾರೆ. ಇಂಥ ಕರೆಯಲ್ಲಿ ಭತ್ತ ಬೆಳೆಯಲಾಗದು.

ಸ್ಲೈಡ್ 7
1974: ಭೂಸುಧಾರಣೆ
ಮಾರ್ಚ್ 1, 1974ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಭೂಮಿ ಒಕ್ಕಲುಗಳ ಕೈಗೆ ಬರುವ ದಾರಿ ತೆರೆಯಿತು. ಧಣಿಯ ಗದ್ದೆಗೆ ಕೋಣ ಇಳಿಸುವ ಕಟ್ಟಳೆ ಸಡಿಲವಾಯಿತು. ಎಷ್ಟೋ ಮನೆತನದ ಕಂಬಳಗಳು ನಿಂತವು. ಉಳಿದದ್ದನ್ನು ಊರಿನ ಸಮಿತಿಗಳು ಕೈಗೆತ್ತಿಕೊಂಡವು. ರಶೀದಿ ಪುಸ್ತಕ, ಕೆಂಪು ಕೊಡೆ, ಬ್ಯಾಂಡು ಎಲ್ಲ ಸಮಿತಿಯ ಜವಾಬ್ದಾರಿ.
ಈ ಸರಣಿಯಲ್ಲಿ ಒಂದೇ ಸ್ಲೈಡ್ ಓದುವುದಾದರೆ ಇದನ್ನು ಓದಿ. ಟಿ.ವಿ., ಮೊಬೈಲಿಗಿಂತ ಕಂಬಳವನ್ನು ಹೆಚ್ಚು ಬದಲಿಸಿದ್ದು ಗದ್ದೆಯ ಒಡೆತನ.

ಸ್ಲೈಡ್ 8
1980ರಿಂದ ಈಚೆಗೆ: ಗಟ್ಟಿಯಾದ ವಿಭಾಗಗಳು
ಹಗ್ಗ: ಬರೀ ಹಗ್ಗ ಹಿಡಿದು ಓಟ. ವೇಗ ಹೆಚ್ಚು.
ನೇಗಿಲು: ಹಗುರವಾದ ಮರದ ನೇಗಿಲು ಹಿಡಿದು ಓಟ.
ಈ ಎರಡರಲ್ಲೂ ಹಿರಿಯ, ಕಿರಿಯ ಎಂದಿದೆ. ತೀರ್ಮಾನ ಕೋಣದ ಹಲ್ಲು ನೋಡಿ. ತಕರಾರು ಹುಟ್ಟುವುದೂ ಅಲ್ಲೇ.
ಅಡ್ಡ ಹಲಗೆ: ಅಡ್ಡಕ್ಕಿರುವ ಹಲಗೆಯ ಮೇಲೆ ನಿಂತು ಸಾಗುವುದು.
ಕನೆ ಹಲಗೆ: ತೂತಿರುವ ಸಣ್ಣ ಹಲಗೆಯ ಮೇಲೆ ಒಂದು ಕಾಲೂರಿ ಸಾಗಬೇಕು. ತೂತಿನಿಂದ ಚಿಮ್ಮಿದ ನೀರು 6.5 ಅಥವಾ 7.5 ಕೋಲು ಎತ್ತರದ ನಿಶಾನೆ ಬಟ್ಟೆಗೆ ತಾಗಬೇಕು. ಕರೆಯಲ್ಲಿ ನೀರು ಇಳಿದು ಕೆಸರು ಮಂದವಾದರೆ ಎಂಥ ಕೋಣವಾದರೂ ನಿಶಾನೆಗೆ ಹಾಯಿಸುವುದು ಕಷ್ಟ.
ಬಹುಮಾನ ಬಾಳೆಗೊನೆಯಿಂದ ಪವನಿಗೆ ಬಂತು. ಒಂದು ಪವನ್ ಎಂದರೆ 8 ಗ್ರಾಂ ಚಿನ್ನ.

ಸ್ಲೈಡ್ 9
2000
ಕೊರಗರನ್ನು ಕೀಳೆಂದು ಕಂಡು ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ತಂದಿತು. ಸ್ಲೈಡ್ 5ರಲ್ಲಿ ಹೇಳಿದ್ದು ಈಗ ಶಿಕ್ಷಾರ್ಹ ಅಪರಾಧ.

ಸ್ಲೈಡ್ 10
2011
ಕಾರ್ಕಳ ಬಳಿಯ ಮಿಯಾರಿನಲ್ಲಿ ಯುವ ಓಟಗಾರರಿಗೆ ತರಬೇತಿ ಶುರು. ಅದಕ್ಕೆ ಮೊದಲು ಕೋಣ ಸಾಕುವ ಮನೆಯ ಹಟ್ಟಿಯಲ್ಲೇ ಕಲಿಯಬೇಕಿತ್ತು.

ಸ್ಲೈಡ್ 11
2014–2018: ನಿಂತ ಕಂಬಳ
ಮೇ 7, 2014: ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಕಂಬಳದ ಮೇಲೂ ಅದರ ನೆರಳು.
ನವೆಂಬರ್ 2016: ಹೈಕೋರ್ಟಿನ ಮಧ್ಯಂತರ ತಡೆ. ಹುರುಳಿ ತಿಂದು ತಯಾರಾದ ಕೋಣಗಳು ಹಟ್ಟಿಯಲ್ಲೇ ಉಳಿದವು.
2017: ಕಂಬಳಕ್ಕೆ ಅವಕಾಶ ಕೊಡಲು ಪ್ರಾಣಿಹಿಂಸೆ ತಡೆ ಕಾಯ್ದೆಗೆ ರಾಜ್ಯದ ತಿದ್ದುಪಡಿ. 2018: ರಾಷ್ಟ್ರಪತಿಗಳ ಅಂಕಿತ.
ಬೆತ್ತದ ಬಳಕೆಯ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಈ ವರ್ಷಗಳಲ್ಲಿ.

ಸ್ಲೈಡ್ 12
ಫೆಬ್ರುವರಿ 1, 2020: ಐಕಳ
ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. 100 ಮೀಟರಿಗೆ ಇಳಿಸಿದರೆ 9.56 ಸೆಕೆಂಡ್, ಉಸೇನ್ ಬೋಲ್ಟ್ ದಾಖಲೆ 9.58. ದೇಶವಿಡೀ ಸುದ್ದಿ.
ಆದರೆ ಹೋಲಿಕೆ ನಿಲ್ಲುವುದಿಲ್ಲ. ಕಂಬಳದಲ್ಲಿ ಓಟಗಾರನನ್ನು ಕೋಣಗಳ ವೇಗವೂ ಎಳೆಯುತ್ತದೆ. ಅವರ ನಿಜವಾದ ವಿದ್ಯೆ ಬೇರೆ: ಆ ವೇಗದಲ್ಲಿ ಕೆಸರಿನಲ್ಲಿ ಬೀಳದೆ, ಜೋಡಿಯನ್ನು ನೇರಕ್ಕೆ ಹಿಡಿಯುವುದು. ಕ್ರೀಡಾ ಪ್ರಾಧಿಕಾರ ಟ್ರಯಲ್ಸ್‌ಗೆ ಕರೆದಾಗ ಅವರು ಹೋಗಲಿಲ್ಲ. ತಮ್ಮ ದಾರಿ ಕಂಬಳ ಎಂದರು.

ಸ್ಲೈಡ್ 13
2023
ಮೇ 18: ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು.
ನವೆಂಬರ್ 25–26: ಬೆಂಗಳೂರು ಅರಮನೆ ಮೈದಾನದಲ್ಲಿ ಕಂಬಳ. ಗದ್ದೆಯೇ ಇಲ್ಲದ ಊರಿನಲ್ಲಿ ಮಣ್ಣು, ನೀರು ತಂದು ಕರೆ ಕಟ್ಟಿದರು. ಕೋಣಗಳು ಲಾರಿಯಲ್ಲಿ ಘಟ್ಟ ಹತ್ತಿದವು.

ಸ್ಲೈಡ್ 14
ಈಗ
ನವೆಂಬರಿನಿಂದ ಮಾರ್ಚ್ ತನಕ, ವಾರಾಂತ್ಯಗಳಲ್ಲಿ ಜೋಡುಕರೆ. ಫ್ಲಡ್‌ಲೈಟ್, ಲೇಸರ್ ಟೈಮಿಂಗ್, ವಿಡಿಯೋ ತೀರ್ಪು. ಮೊದಲು ‘ಸಮ ಸಮ’ ಎಂದು ಮತ್ತೆ ಓಡಿಸುತ್ತಿದ್ದ ಪಂದ್ಯ ಈಗ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೀರ್ಮಾನ.
ಹೊಸ ತೊಂದರೆ ಹೊತ್ತಿನದು. ಜೋಡಿಗಳು ನೂರು ದಾಟಿದ ಮೇಲೆ 24 ಗಂಟೆಯೊಳಗೆ ಮುಗಿಯುವುದಿಲ್ಲ. ಓಟಕ್ಕೆ ಬೇಕಾದದ್ದು 12–13 ಸೆಕೆಂಡ್. ಗಂತಿನಲ್ಲಿ ಕೋಣಗಳನ್ನು ಸರಿ ನಿಲ್ಲಿಸಲು, ಎದುರಾಳಿ ಜೋಡಿ ತಯಾರಾಗಲು ಕಾಯುವುದರಲ್ಲೇ ನಿಮಿಷಗಳು ಹೋಗುತ್ತವೆ. ಬಿಡುವ ಸಮಯಕ್ಕೆ ಮಿತಿ ಇಟ್ಟರೂ, ದೊಡ್ಡ ಹೆಸರಿನ ಜೋಡಿ ತಡ ಮಾಡಿದಾಗ ಅನರ್ಹಗೊಳಿಸುವ ಧೈರ್ಯ ಸಮಿತಿಗೆ ಬೇಕು.

ಪೋಸ್ಟಿನ ಕೆಳಗಿನ ಬರಹ
ನಿಮ್ಮ ಮನೆಯಲ್ಲಿ 1974ಕ್ಕಿಂತ ಹಿಂದಿನ ಕಂಬಳದ ಫೋಟೋ, ಆಮಂತ್ರಣ ಪತ್ರಿಕೆ, ರಶೀದಿ ಇದ್ದರೆ ಚಿತ್ರ ತೆಗೆದು ಕಳಿಸಿ. ಊರು, ಇಸವಿ, ಗದ್ದೆಯ ಹೆಸರು ಮೂರೂ ಬರೆಯಿರಿ. ಇಸವಿ ನೆನಪಿಲ್ಲದಿದ್ದರೆ ‘ಇಂಥವರ ಮದುವೆಯ ವರ್ಷ’ ಎಂದರೂ ಸಾಕು, ಹಿರಿಯರನ್ನು ಕೇಳಿ ಹೊಂದಿಸುತ್ತೇವೆ. ಪೂಕರೆ ಈಗಲೂ ನೆಡುವ ಊರುಗಳ ಪಟ್ಟಿ ಮುಂದಿನ ಸರಣಿಯಲ್ಲಿ.
#ಕಂಬಳ #ತುಳುನಾಡು #ಜೋಡುಕರೆ #ಪೂಕರೆ