ಪಾಸ್

ಬಸವನಗುಡಿಯ ದರ್ಶಿನಿಯಲ್ಲಿ ಭಾನುವಾರ ಮಧ್ಯಾಹ್ನದ ನೂಕುನುಗ್ಗಲು. ಎಡಗೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದ ಅನಘಾ, ಬಲಗೈ ಹೆಬ್ಬೆರಳಿನಿಂದ ನಿರಂಜನನ ಸಂದೇಶಗಳನ್ನು ತನ್ನ ಉತ್ತರಗಳ ಸಮೇತ ಒಂದೊಂದಾಗಿ ಆಯ್ದುಕೊಳ್ಳುತ್ತಿದ್ದಳು. ಅವುಗಳಿಗೆ ನಕ್ಷತ್ರದ ಗುರುತು ಹಾಕಿಟ್ಟುಕೊಂಡು, ಸಂಜೆ ಮೈಸೂರಿನ ರೈಲಿನಲ್ಲಿ ಮತ್ತೊಮ್ಮೆ ಓದಿಕೊಳ್ಳಬೇಕೆಂಬುದು ಅವಳ ಆಸೆಯಾಗಿತ್ತು. ಅಷ್ಟರಲ್ಲಿ ಕ್ವಿಜ್‌ನ ಫೈನಲ್ ತಲುಪಿದ ತಂಡಗಳ ಪಟ್ಟಿಯ ಫೋಟೋವನ್ನು ಅವನೇ ಕಳುಹಿಸಿದ. ಅದರಲ್ಲಿ ತಮ್ಮ ತಂಡದ ಹೆಸರು ಕಂಡ ಸಂಭ್ರಮದಲ್ಲಿ ಅವಳು ಫೋಟೋವನ್ನೂ ಒತ್ತಿ, ಮೇಲಿನ ಬಾಣದ ಗುರುತನ್ನೂ ಒತ್ತಿ, ‘ಸಾವಿರದೊಂದನೇ ಮೆಟ್ಟಿಲು’ ಎಂಬ ತಮ್ಮ ತಂಡದ ಗುಂಪಿಗೆ ಕಳುಹಿಸಿಬಿಟ್ಟಳು. ಹಿಂದೆ ಆಯ್ದಿದ್ದ ಸಂದೇಶಗಳು ಆಯ್ಕೆಯಾಗಿಯೇ ಉಳಿದಿದ್ದುದು ಅವಳ ಗಮನಕ್ಕೆ ಬರಲಿಲ್ಲ.

ಎದುರಿಗೇ ನಿಂತಿದ್ದ ಮೂವರ ಫೋನುಗಳೂ ಒಟ್ಟಿಗೆ, ಒಂದರ ಹಿಂದೊಂದರಂತೆ ಸದ್ದು ಮಾಡತೊಡಗಿದವು. ಒಂದು ಫೋಟೋಕ್ಕೆ ಇಷ್ಟು ಸದ್ದು ಏಕೆಂದು ಅನಘಾ ತಲೆ ಎತ್ತುವಷ್ಟರಲ್ಲಿ ಶಬಾನಾಳ ಚಮಚ ಬಾಯಿಯ ಹತ್ತಿರವೇ ನಿಂತಿತ್ತು. ಗುಂಪಿನಲ್ಲಿ ಸಾಲಾಗಿ ಬಿದ್ದಿದ್ದವು ಇವು:

‘ಹೋದ ತಿಂಗಳು ಸರದಿ ಬರೂಕಿಂತ ಮೊದಲ ನೀವು ಉತ್ತರ ಬರದು ಕೊಟ್ಟ ಪೌನ್ಸ್ ಚೀಟಿ ಓದಾಕ ಕ್ವಿಜ್ ಮಾಸ್ಟರ್ ಕನ್ನಡಕ ಒರೆಸಿಕೊಂಡ್ರು. ನನಗ ಮಾತ್ರ ದೂರದಿಂದನ ಓದಾಕ ಬಂತು.’

‘ಪಕ್ಕದ ಮೇಜಿನ ಚೀಟಿ ಓದೋರನ್ನ ಡಿಸ್‌ಕ್ವಾಲಿಫೈ ಮಾಡ್ಬೇಕು.’

‘ಮಾಡ್ರಿ. ಅದಕ್ಕೂ ಮೊದಲು ಒಂದು ಪ್ರಶ್ನಿ. ಮೈ ಸಿಂಹದ್ದು, ತಲಿ ಆನಿದು, ಮೈಸೂರಿನ ಹೆಸರಿನ ಗಂಧದ ವಾಸನಿ. ಏನದು? ನೀವು ಪಕ್ಕ ಬಂದು ಕುಂತಾಗಿಂದ ನನ್ನ ತಲ್ಯಾಗ ಇದೊಂದ ಪ್ರಶ್ನಿ ಐತಿ.’

‘ಉತ್ತರ ಗೊತ್ತು, ಆದ್ರೂ ಪಾಸ್. ಬೋನಸ್ ನಿಮಗೇ ಸಿಗ್ಲಿ.’

‘ಕ್ರೀಡೆ ಪ್ರಶ್ನೆ ಬಂದಾಗ ಮಾತ್ರ ಸ್ವಲ್ಪ ಕರುಣೆ ಇರ್ಲಿ. ನಮ್ಮ ರಘು 1983 ಆದ್ಮೇಲೆ ಪೇಪರ್ ಓದಿಲ್ಲ.’

‘ಫೈನಲ್ ಮುಗದ ಮ್ಯಾಲ ಕಾಫಿ. ಸೋತವರ ಬಿಲ್ ಕೊಡಬೇಕು. ನಾ ಅಂತೂ ಸೋಲೂದಿಲ್ಲ, ಮೊದಲ ಹೇಳೇನಿ.’

ಕೊನೆಯಲ್ಲಿ, ಏನೂ ಅರಿಯದಂತೆ, ಪಟ್ಟಿಯ ಫೋಟೋ.

“ಶರಭ,” ಎಂದರು ಮೂರ್ತಿಯವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪ್ರಶ್ನೆ ಎಲ್ಲಿ ಕಂಡರೂ, ಅದು ಯಾರಿಗೆ ಕೇಳಿದ್ದೆಂದು ನೋಡದೆ ಉತ್ತರಿಸುವುದು ಅವರ ಸ್ವಭಾವವಾಗಿತ್ತು. “ಮೈಸೂರು ಸ್ಯಾಂಡಲ್ ಸೋಪಿನ ಲಾಂಛನ. ಸುಲಭದ ಪ್ರಶ್ನೆ. ಆದರೆ ಇದನ್ನು ಯಾರು ಯಾರಿಗೆ ಕೇಳಿದ್ದು?”

ಅನಘಾ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ, ಎಲ್ಲವನ್ನೂ ಆಯ್ದು, ಅಳಿಸುವ ಗುರುತನ್ನು ಒತ್ತಿದಳು. ಎಲ್ಲರಿಗೂ ಅಳಿಸಬೇಕೇ, ತನಗೆ ಮಾತ್ರ ಅಳಿಸಬೇಕೇ ಎಂದು ಫೋನು ಕೇಳಿತು. ಗಾಬರಿಯಲ್ಲಿದ್ದವರ ಬೆರಳು ಎಲ್ಲಿಗೆ ಹೋಗಬಾರದೋ ಅಲ್ಲಿಗೇ ಹೋಗುತ್ತದೆ. ಅವಳ ಫೋನಿನಲ್ಲಿ ಗುಂಪು ಈಗ ಸ್ವಚ್ಛವಾಗಿತ್ತು; ಉಳಿದ ಮೂವರ ಫೋನುಗಳಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ಸರಿಪಡಿಸಿಕೊಳ್ಳಲು ಪರದೆಯ ಅಡಿಯಲ್ಲಿ ಕ್ಷಣಕಾಲ ಕಾಣಿಸಿಕೊಂಡ ಅವಕಾಶವೂ ಅವಳು ಓದಿ ಮುಗಿಸುವ ಮುನ್ನವೇ ಮಾಯವಾಯಿತು.

ಫಾರ್ವರ್ಡ್ ಆದ ಸಂದೇಶಗಳಲ್ಲಿ ಮೂಲ ಲೇಖಕರ ಹೆಸರು ಇರುವುದಿಲ್ಲವಾದ್ದರಿಂದ ಆರೂ ಸಂದೇಶಗಳು ಅನಘಾಳ ಹೆಸರಿನಲ್ಲಿಯೇ ಬಂದಿದ್ದವು. ಬೇರೆ ಯಾವ ಬಳಗಕ್ಕಾದರೂ ಇದು ಗೊಂದಲವೆನಿಸುತ್ತಿತ್ತೇನೋ, ಕ್ವಿಜ್ ಆಡುವವರಿಗೆ ಮಾತ್ರ ಇದೊಂದು ಸೊಗಸಾದ ಪ್ರಶ್ನೆಯಾಗಿ ಕಂಡಿತು. ‘ನನಗ’, ‘ಐತಿ’, ‘ಹೇಳೇನಿ’ ಎನ್ನುವವರು ಒಬ್ಬರು, ‘ಮಾಡ್ಬೇಕು’ ಎನ್ನುವವರು ಇನ್ನೊಬ್ಬರು ಎಂದು ಶಬಾನಾ ಬೆರಳು ಮಡಚತೊಡಗಿದಳು. ಪಟ್ಟಿಯಲ್ಲಿ ಬಡಗಣದ ತಂಡವೆಂದರೆ ಧಾರವಾಡದ್ದೊಂದೇ ಎಂದು ಮೂರ್ತಿಯವರು ಫೋಟೋವನ್ನು ಹಿಗ್ಗಿಸಿ ತೋರಿಸಿದರು. ಆ ತಂಡದವರಲ್ಲಿ ಕಳೆದ ತಿಂಗಳು ಮೈಸೂರಿನಲ್ಲಿ ತಮ್ಮ ಮೇಜಿಗೆ ಹತ್ತಿರದ ತುದಿಯಲ್ಲಿ ಕುಳಿತಿದ್ದವರು ಒಬ್ಬರೇ.

“ನಿರಂಜನ,” ಎಂದು ಶಬಾನಾ ತೀರ್ಪು ಕೊಟ್ಟಳು. “ಹತ್ತು ಅಂಕ. ಅನಘಾ, ನಿನಗೆ ಉತ್ತರ ಗೊತ್ತಿದ್ದರೂ ಪಾಸ್ ಮಾಡುತ್ತೀಯೆಂದು ನನಗೆ ಗೊತ್ತಿರಲಿಲ್ಲ.”

ಇಷ್ಟು ಹೊತ್ತೂ ರಘು ಮಾತನಾಡಿರಲಿಲ್ಲ. ಅವನು ಫೋನನ್ನು ಜೇಬಿನಲ್ಲಿ ಇಟ್ಟುಕೊಂಡು, ತಟ್ಟೆಯಂಚಿನ ಖಾರಾಬೂಂದಿಯನ್ನು ಒಂದೊಂದೇ ಕಾಳಾಗಿ ಆರಿಸಿ ತಿನ್ನುತ್ತಿದ್ದ.

“ರಘು, ಅದು ತಮಾಷೆಗೆ ಬರೆದದ್ದು,” ಎಂದಳು ಅನಘಾ.

“ಪೇಪರಿನ ಮಾತು ಬಿಡು. 1983ರ ವಿಶ್ವಕಪ್‌ನಲ್ಲಿ ರೋಜರ್ ಬಿನ್ನಿ 18 ವಿಕೆಟ್ ತೆಗೆದದ್ದನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳುವವನು ನಾನೇ, ಒಪ್ಪುತ್ತೇನೆ. ಆದರೆ ಅದಾದ ಮೇಲಿನದನ್ನೂ ಓದಿದ್ದೇನೆ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದು ನಿಂತಾಗ, ಹತ್ತನೆಯದೂ ಅವರಿಗೇ ಸಿಗಲೆಂದು ಶ್ರೀನಾಥ್ ಇನ್ನೊಂದು ತುದಿಯಿಂದ ಚೆಂಡನ್ನು ಸ್ಟಂಪಿನಿಂದ ದೂರ ದೂರವೇ ಎಸೆದರು. ಬೇಕೆಂದೇ ಬಿಟ್ಟುಕೊಟ್ಟರು, ನಿಜ. ಆದರೆ ಬಿಟ್ಟುಕೊಟ್ಟದ್ದು ತನ್ನ ತಂಡದವನಿಗೆ. ನೀನು ಬೋನಸ್ ಬಿಟ್ಟುಕೊಟ್ಟದ್ದು ಯಾರಿಗೆ? ಕಳೆದ ತಿಂಗಳು ಶಾಸನದ ಪ್ರಶ್ನೆಯನ್ನು ಪಾಸ್ ಮಾಡಿ ನಾವು ಹತ್ತೇ ಅಂಕದಿಂದ ಸೋತೆವಲ್ಲ, ಅದೂ ಹೀಗೆಯೇ ಏನು?”

ಅನಘಾಳ ಮುಖದ ಬಣ್ಣ ಇಳಿಯಿತು. ತನ್ನ ಸಲುಗೆ ಬಯಲಾದದ್ದಕ್ಕೆ ಅವಳು ನಾಚಿದ್ದಳು. ಈ ಮಾತು ಮಾತ್ರ ಅವಳ ಎಣಿಕೆಯಲ್ಲಿ ಇರಲಿಲ್ಲ. ಏನು ಹೇಳಿದರೂ ಸಮಜಾಯಿಷಿಯಂತೆಯೇ ಕೇಳಿಸುತ್ತದೆಂದು ಅವಳು ಸುಮ್ಮನಿದ್ದಾಗ, ಮೂರ್ತಿಯವರು ಗಂಟಲು ಸರಿಮಾಡಿಕೊಂಡರು.

“ಅಲ್ಲಪ್ಪಾ, ಆ ದಿನ ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಕೊಟ್ಟು, ಯಾವ ಊರಿನ ಶಾಸನವೆಂದು ಕೇಳಿದಾಗ, ಈ ಹುಡುಗಿ ಬಾದಾಮಿ, ಕಪ್ಪೆ ಅರಭಟ್ಟನದು ಎಂದು ನನ್ನ ಕಿವಿಯಲ್ಲಿ ಎರಡು ಸಲ ಹೇಳಿದಳು. ಶ್ರವಣಬೆಳಗೊಳವೆಂದು ಹಟ ಹಿಡಿದವನು ನಾನು. ಇಬ್ಬರಿಗೂ ಒಮ್ಮತವಾಗಲಿಲ್ಲವೆಂದು ಪಾಸ್ ಎಂದವನೂ ನಾನೇ. ನೀನು ಆಗ ಆ ತುದಿಯಲ್ಲಿ ಕುಳಿತಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ.”

“ಇಷ್ಟು ದಿನ ಏಕೆ ಹೇಳಲಿಲ್ಲ ಸರ್?”

“ಯಾರೂ ಕೇಳಲಿಲ್ಲವಲ್ಲ.”

ಶಬಾನಾ ನಕ್ಕುಬಿಟ್ಟಳು. ರಘು ನಗಲಿಲ್ಲವಾದರೂ ಅನಘಾಳ ತಟ್ಟೆಯಿಂದ ಒಂದು ಹಿಡಿ ಬೂಂದಿಯನ್ನು ಕೇಳದೆಯೇ ತೆಗೆದುಕೊಂಡ.

“ರಘು, ಕ್ಷಮಿಸು. ನಿನ್ನ ಬಗ್ಗೆ ಹೊರಗಿನವರ ಮುಂದೆ ಹಾಗೆ ಬರೆಯಬಾರದಿತ್ತು,” ಎಂದಳು ಅನಘಾ.

“ಬರೆದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ನಮಗೆ ಕ್ರೀಡೆ ಬರುವುದಿಲ್ಲವೆಂದು ಅವರು ನಂಬಿದ್ದಾರೆ. ಇವತ್ತು ಕ್ರೀಡೆಯ ಪ್ರಶ್ನೆ ಬಂದರೆ ಚೀಟಿ ನಾನೇ ಬರೆಯುತ್ತೇನೆ, ಪೌನ್ಸ್ ಮಾಡಬೇಕೋ ಬೇಡವೋ ಎಂಬುದನ್ನೂ ನಾನೇ ನಿರ್ಧರಿಸುತ್ತೇನೆ. ನಿನ್ನ ಅಕ್ಷರವನ್ನು ಅವನು ದೂರದಿಂದಲೇ ಓದುತ್ತಾನಂತಲ್ಲ.”

ಅಷ್ಟರಲ್ಲಿ ಟೋಕನ್ ಕೌಂಟರಿನ ಕಡೆಯಿಂದ ನಿರಂಜನ ಜನರನ್ನು ಸರಿಸಿಕೊಂಡು ಬರುತ್ತಿದ್ದ. ನಾಲ್ವರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ಅವನ ನಡಿಗೆ ನಿಧಾನವಾಯಿತು.

“ನಮಸ್ಕಾರ್ರಿ ಸರ್. ಪಟ್ಟಿ ನೋಡಿದ್ರಿ?” ಎಂದು ಮೂರ್ತಿಯವರನ್ನು ಕೇಳಿದ.

“ಪಟ್ಟಿಯನ್ನೂ ನೋಡಿದೆವು, ಪಟ್ಟಿಗಿಂತ ಮುಂಚಿನದನ್ನೂ ನೋಡಿದೆವು. ಉತ್ತರ ಶರಭ.”

ನಿರಂಜನ ಅನಘಾಳ ಕಡೆ ತಿರುಗಿದ. ಅವಳು ಬಿಸಿಬೇಳೆಬಾತಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದಳು. ಅವನ ಕಿವಿಗಳು ಮೊದಲು ಕೆಂಪಾದವು, ಆಮೇಲೆ ಮುಖ.

“ಎಲ್ಲಾನೂ ಓದಿದ್ರೇನ್ರಿ ಸರ್?”

“ಎಲ್ಲವನ್ನೂ. ಸಂಜೆ ಯಾರು ಸೋತರೂ ಬಿಲ್ ಐದು ಕಾಫಿಯದಾಗುತ್ತದೆ, ಹಣ ತಂದಿದ್ದೀರಷ್ಟೆ?” ಎಂದರು ಮೂರ್ತಿಯವರು.

“ನನಗೆ ಕಾಫಿ ಆಗುವುದಿಲ್ಲ, ಬಾದಾಮಿ ಹಾಲು,” ಎಂದ ರಘು, ಕೈ ತೊಳೆಯಲು ಹೋಗುತ್ತಾ.